ಶಿಕ್ಷಕರ ರಜೆ ಅರ್ಜಿ: ತಿದ್ದಿಸಿಕೊಳ್ಳದೆ ಮಂಜೂರಾಗುವಂತೆ ಬರೆಯುವುದು ಹೇಗೆ

ಮುಖ್ಯ ಶಿಕ್ಷಕನ ಮೇಜಿನ ಹಿಂದೆ ಕೂತವನಿಗೆ ರಜೆ ಅರ್ಜಿಗಳು ದಿನವೂ ಬರುತ್ತವೆ. ಮಕ್ಕಳಿಗೆ ಪತ್ರಲೇಖನ ಕಲಿಸಿ ಅಂಕ ಕಡಿಯುವ ನಾವೇ ನಮ್ಮ ಅರ್ಜಿಯನ್ನು ಪಿರಿಯಡ್ಡು ಬಿಟ್ಟ ಐದು ನಿಮಿಷದಲ್ಲಿ, ಹಳೆಯ ಅರ್ಜಿಯೊಂದನ್ನು ನೋಡಿಕೊಂಡು ಗೀಚಿಬಿಡುತ್ತೇವೆ. ಹಳೆಯ ಅರ್ಜಿಯ ತಪ್ಪು ಹೊಸದಕ್ಕೂ ಇಳಿಯುತ್ತದೆ. ಕೆಳಗಿನದು ಒಬ್ಬರ ಅರ್ಜಿಯಲ್ಲ. ಮತ್ತೆ ಮತ್ತೆ ಕಂಡ ತಪ್ಪುಗಳನ್ನು ಒಂದೆಡೆ ಕೂಡಿಸಿ ನಾನೇ ಕಟ್ಟಿದ್ದು. ಮೊದಲು ಇದನ್ನು ಓದಿ, ಎಷ್ಟು ತಪ್ಪು ಸಿಗುತ್ತವೆ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕಿ.

> ಮಾನ್ಯ ಮುಖ್ಯ ಶಿಕ್ಷಕರು ರವರಿಗೆ,
>
> ಇಂದ: ಶ್ರೀಮತಿ ……, ಶಿಕ್ಷಕರು
>
> ವಿಷಯ: ರಜೆ ಕೋರಿ ಅರ್ಜಿ ಬಗ್ಗೆ.
>
> ಮಾನ್ಯರೇ,
>
> ಸದರಿ ಶಾಲೆಯಲ್ಲಿ ಶಿಕ್ಷಕರಾಗಿ ಸೇವೆ ಸಲ್ಲಿಸುತ್ತಿದ್ದು, ನಮ್ಮ ತಂದೆಗೆ ಹುಷಾರಿಲ್ಲದ ಕಾರಣ ಆಪರೇಷನ್ ಇರುತ್ತದೆ ಹಾದ್ದರಿಂದ ನಾನು ಬೆಂಗಳೂರಿಗೆ ಹೋಗಬೇಕಾಗಿರುವುದರಿಂದ ದಿ. 5 ರಿಂದ 8 ರ ವರೆಗೆ ನಾಲ್ಕು ದಿನ ರಜೆ ಹಾಕಿರುತ್ತೇನೆ. ನನ್ನ ತರಗತಿಗೆ ಬೇರೆಯವರನ್ನು ನೇಮಿಸಿರುತ್ತೇನೆ. ದಯವಿಟ್ಟು ನೀವು ದಯಮಾಡಿ ರಜೆ ಮಂಜೂರಾತಿ ಮಾಡಿ ಕೊಡಲೇಬೇಕೆಂದು ತಮ್ಮಲ್ಲಿ ಕೋರಿಕೊಳ್ಳುತ್ತೇನೆ.
>
> ಧನ್ಯವಾದಗಳು
>
> ಇಂತಿ ನಿಮ್ಮ ವಿದೇಯ

ಇದರ ಹಿಂದಿನ ಸಂದರ್ಭ ಸರಳ. ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹ ಶಿಕ್ಷಕಿ. ತಂದೆಗೆ ಬೆಂಗಳೂರಿನಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. 2025ರ ಡಿಸೆಂಬರ್ 5ರ ಶುಕ್ರವಾರದಿಂದ 8ರ ಸೋಮವಾರದವರೆಗೆ ಆಕೆ ಶಾಲೆಯಲ್ಲಿ ಇರುವುದಿಲ್ಲ. ಇಷ್ಟನ್ನು ಹೇಳಲು ಹೊರಟ ಅರ್ಜಿ ಎಲ್ಲೆಲ್ಲಿ ಎಡವಿತು, ಅದನ್ನು ಯಾವ ಕ್ರಮದಲ್ಲಿ ಎತ್ತಿ ನಿಲ್ಲಿಸಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

## ಪೆನ್ನು ಹಿಡಿಯುವ ಮೊದಲು

ಮೂರು ವಸ್ತು ಎದುರಿಗಿರಲಿ: ಕ್ಯಾಲೆಂಡರ್, ಶಾಲೆಯ ಸಾಂದರ್ಭಿಕ ರಜೆಯ ವಹಿ, ಮತ್ತು ರಜೆಯ ಕಾರಣಕ್ಕೆ ಸಂಬಂಧಿಸಿದ ಕಾಗದ. ಇಲ್ಲಿ ಆ ಕಾಗದವೆಂದರೆ ಆಸ್ಪತ್ರೆಯವರು ದಿನಾಂಕ ಬರೆದುಕೊಟ್ಟ ಚೀಟಿ. ವಹಿ ಏಕೆಂದರೆ, ನಿಮ್ಮ ಲೆಕ್ಕದಲ್ಲಿ ಇನ್ನೆಷ್ಟು ರಜೆ ಉಳಿದಿದೆ ಎಂಬುದು ನಿಮ್ಮ ನೆನಪಿಗಿಂತ ಅದರಲ್ಲಿ ಸರಿಯಾಗಿರುತ್ತದೆ. ಡಿಸೆಂಬರಿನಲ್ಲಂತೂ ಇದನ್ನು ನೋಡದೆ ಬರೆಯಲೇಬೇಡಿ. ವರ್ಷದ ಕೊನೆಗೆ ಉಳಿದಿರುವುದು ಎರಡೇ ದಿನ ಎಂದು ಗೊತ್ತಾಗುವುದು ಮೂರು ದಿನ ಕೇಳಿದ ಮೇಲೆ.

## ಹಂತ 1: ಯಾವ ರಜೆ, ಯಾರ ಬಳಿ ಎಂದು ಮೊದಲು ನಿಶ್ಚಯಿಸಿ

ಮೇಲಿನ ಅರ್ಜಿಯ ದೊಡ್ಡ ತಪ್ಪು ಭಾಷೆಯದಲ್ಲ. ಯಾವ ರಜೆ ಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬರೀ ‘ರಜೆ’ ಎಂಬ ಹೆಸರಿನ ರಜೆ ನಿಯಮದಲ್ಲಿಲ್ಲ. ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧ ವೇತನ ರಜೆ, ವೈದ್ಯಕೀಯ ಪ್ರಮಾಣಪತ್ರದ ಮೇಲಿನ ಪರಿವರ್ತಿತ ರಜೆ, ಹೀಗೆ ಒಂದೊಂದಕ್ಕೂ ಬೇರೆ ಲೆಕ್ಕವಿದೆ. ಎರಡು ಮೂರು ದಿನದ ಕೆಲಸಕ್ಕೆ ಕೇಳುವುದು ಸಾಂದರ್ಭಿಕ ರಜೆಯನ್ನೇ. ಸಹ ಶಿಕ್ಷಕರಿಗೆ ಅದನ್ನು ಮಂಜೂರು ಮಾಡುವವರು ಮುಖ್ಯ ಶಿಕ್ಷಕರು; ಹಾಗಾಗಿ ಅರ್ಜಿ ನೇರವಾಗಿ ಅವರಿಗೆ. ದೀರ್ಘ ರಜೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಬರೆದು, ವಿಳಾಸದ ಕೆಳಗೆ ‘ಮುಖ್ಯ ಶಿಕ್ಷಕರ ಮುಖಾಂತರ’ ಎಂಬ ಸಾಲನ್ನು ಸೇರಿಸಬೇಕು. ಈ ಸಾಲು ಇಲ್ಲದ ಅರ್ಜಿ ತಾಲ್ಲೂಕು ಕಚೇರಿಯವರೆಗೆ ಹೋಗಿ ಹಾಗೇ ಹಿಂದಿರುಗುತ್ತದೆ.

ಒಂದು ಎಚ್ಚರಿಕೆ. ಸಾಂದರ್ಭಿಕ ರಜೆಗೆ ಗಳಿಕೆ ರಜೆಯನ್ನೋ ಅರ್ಧ ವೇತನ ರಜೆಯನ್ನೋ ಅಂಟಿಸಿ ಕೇಳಲು ಬರುವುದಿಲ್ಲ. ‘ಮೂರು ದಿನ ಸಾಂದರ್ಭಿಕ, ಮುಂದಿನ ಐದು ದಿನ ಗಳಿಕೆ’ ಎಂದು ಒಂದೇ ಅರ್ಜಿಯಲ್ಲಿ ಬರೆದದ್ದನ್ನು ನಾನು ಕಂಡಿದ್ದೇನೆ. ಎಂಟು ದಿನ ಬೇಕಾಗಬಹುದು ಎಂಬ ಅನುಮಾನ ಮೊದಲೇ ಇದ್ದರೆ ಮೊದಲ ದಿನದಿಂದಲೇ ಬೇರೆ ರಜೆ ಕೇಳುವುದು ಜಾಣತನ.

## ಹಂತ 2: ದಿನಗಳನ್ನು ಬೆರಳಲ್ಲಿ ಎಣಿಸಿ

ಐದರಿಂದ ಎಂಟರವರೆಗೆ ಎಂದರೆ ನಾಲ್ಕು ದಿನ ಎಂದು ನಮ್ಮ ಶಿಕ್ಷಕಿ ಬರೆದರು. ಕ್ಯಾಲೆಂಡರ್ ತೆರೆದರೆ 5 ಶುಕ್ರವಾರ, 6 ಶನಿವಾರ, 7 ಭಾನುವಾರ, 8 ಸೋಮವಾರ. ಸಾಂದರ್ಭಿಕ ರಜೆಯ ನಡುವೆ ಬಂದ ಭಾನುವಾರ ಅಥವಾ ಸರ್ಕಾರಿ ರಜಾದಿನ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಬೇಕಾದದ್ದು ಮೂರು ದಿನ. ನಾಲ್ಕು ಎಂದು ಬರೆದರೆ ನಷ್ಟ ಅವರಿಗೇ: ವಹಿ ಬರೆಯುವವರು ಗಮನಿಸದಿದ್ದರೆ ಒಂದು ದಿನ ಸುಮ್ಮನೆ ಕಳೆದುಹೋಗುತ್ತದೆ. ಗಳಿಕೆ ರಜೆ, ಪರಿವರ್ತಿತ ರಜೆಗಳಲ್ಲಿ ಹೀಗಲ್ಲ, ನಡುವಿನ ಭಾನುವಾರವೂ ರಜೆಯಾಗಿಯೇ ಎಣಿಕೆಯಾಗುತ್ತದೆ. ಅಲ್ಲಿ ಹಿಂದಿನ ಅಥವಾ ಮುಂದಿನ ರಜಾದಿನವನ್ನು ಜೋಡಿಸಿಕೊಳ್ಳಲು ಅನುಮತಿಯನ್ನು ಅರ್ಜಿಯಲ್ಲೇ ಕೇಳಬೇಕು.

ಆದ್ದರಿಂದ ಬರೆಯುವ ಕ್ರಮ ಇದು: ಮೊದಲು ಪೂರ್ಣ ದಿನಾಂಕ, ನಂತರ ನಡುವಿನ ರಜಾದಿನದ ಉಲ್ಲೇಖ, ಕೊನೆಗೆ ನಿಜವಾದ ದಿನಗಳ ಸಂಖ್ಯೆ. ‘05-12-2025ರಿಂದ 08-12-2025ರವರೆಗೆ, 07-12-2025ರ ಭಾನುವಾರವನ್ನು ಹೊರತುಪಡಿಸಿ, ಮೂರು ದಿನ.’ ಅಂಕಿ ಮತ್ತು ‘ರಿಂದ’ ನಡುವೆ ಜಾಗ ಬಿಡಬೇಡಿ; ಅದು ಪ್ರತ್ಯಯ, ಬೇರೆ ಪದವಲ್ಲ. ತಿಂಗಳು, ವರ್ಷ ಬಿಟ್ಟು ‘5 ರಿಂದ 8’ ಎಂದಷ್ಟೇ ಬರೆದ ಅರ್ಜಿ ಕಡತಕ್ಕೆ ಸೇರಿದ ಮೇಲೆ ಯಾವ ತಿಂಗಳದೆಂದು ಯಾರಿಗೂ ತಿಳಿಯುವುದಿಲ್ಲ.

ಊರು ಬಿಡುವುದಾದರೆ ಇನ್ನೊಂದು ಎಣಿಕೆ ಇದೆ. ರಜೆ ಮೂರು ದಿನದ್ದಾದರೂ ಶಿಕ್ಷಕಿ ಗುರುವಾರ ಸಂಜೆಯೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಮಂಗಳವಾರ ಬೆಳಿಗ್ಗೆ ಬಂದಿಳಿಯುತ್ತಾರೆ. ಕೇಂದ್ರಸ್ಥಾನ ಬಿಡುವ ಅನುಮತಿಯನ್ನು ಈ ಅವಧಿಗೆ ಕೇಳಬೇಕು: 04-12-2025ರ ಶಾಲಾ ಅವಧಿಯ ನಂತರದಿಂದ 09-12-2025ರ ಶಾಲಾರಂಭದವರೆಗೆ. ಹತ್ತರಲ್ಲಿ ಎಂಟು ಅರ್ಜಿಗಳಲ್ಲಿ ಈ ಸಾಲು ಇರುವುದೇ ಇಲ್ಲ ಎನ್ನಿಸುವಷ್ಟು ಇದು ಮರೆತುಹೋಗುತ್ತದೆ.

## ಹಂತ 3: ತಲೆಭಾಗ

‘ಇವರಿಂದ’ ಮತ್ತು ‘ಇವರಿಗೆ’ ಎಂಬ ಎರಡು ತಲೆಬರಹಗಳ ಕೆಳಗೆ ಹೆಸರು, ಹುದ್ದೆ, ಶಾಲೆ, ತಾಲ್ಲೂಕು ಬರೆದರೆ ಮುಗಿಯಿತು. ಇಲ್ಲಿ ಆಗುವ ತಪ್ಪು ಮೂರು.

ಮೊದಲನೆಯದು ‘ಮುಖ್ಯ ಶಿಕ್ಷಕರು ರವರಿಗೆ’. ‘ರವರು’ ಎಂಬ ಸ್ವತಂತ್ರ ಪದ ಕನ್ನಡದಲ್ಲಿಲ್ಲ. ‘ಅವರು’ ಎಂಬುದು ಹೆಸರಿಗೆ ಅಂಟಿದಾಗ ಹುಟ್ಟಿದ ತುಂಡು ಅದು. ‘ಮುಖ್ಯ ಶಿಕ್ಷಕರಿಗೆ’ ಎನ್ನಿ, ಅಥವಾ ‘ಇವರಿಗೆ’ ಎಂಬ ತಲೆಬರಹದ ಕೆಳಗೆ ‘ಮುಖ್ಯ ಶಿಕ್ಷಕರು’ ಎಂದು ಬಿಡಿ. ಬಹುವಚನದಲ್ಲೇ ಗೌರವ ಬಂದಿರುತ್ತದೆ, ಅದರ ಮೇಲೆ ಇನ್ನೊಂದು ‘ಅವರು’ ಹೇರಬೇಕಿಲ್ಲ. ಮುಖ್ಯ ಶಿಕ್ಷಕರೋ ಮುಖ್ಯೋಪಾಧ್ಯಾಯರೋ ಎಂಬ ಅನುಮಾನ ಬಂದರೆ ಶಾಲೆಯ ಮೊಹರು ನೋಡಿ, ಅಲ್ಲಿ ಇರುವಂತೆಯೇ ಬರೆಯಿರಿ.

ಎರಡನೆಯದು ತನಗೆ ತಾನೇ ಗೌರವ ಕೊಟ್ಟುಕೊಳ್ಳುವುದು. ಅರ್ಜಿದಾರರು ತಮ್ಮ ಹೆಸರಿನ ಹಿಂದೆ ‘ಶ್ರೀ’, ‘ಶ್ರೀಮತಿ’ ಹಾಕುವುದು, ‘ಶಿಕ್ಷಕರಾಗಿ ಸೇವೆ ಸಲ್ಲಿಸುತ್ತಿರುವ ನಾನು’ ಎನ್ನುವುದು. ‘ನಾನು’ ಏಕವಚನವಾದರೆ ಹುದ್ದೆಯೂ ಏಕವಚನವೇ: ‘ಸಹ ಶಿಕ್ಷಕಿಯಾಗಿ’, ‘ಸಹ ಶಿಕ್ಷಕನಾಗಿ’. ಇದು ಕೀಳಾಗಿಸಿಕೊಳ್ಳುವ ಮಾತಲ್ಲ, ವ್ಯಾಕರಣ. ಗೌರವ ಸೂಚಕ ಎದುರಿನವರಿಗೆ, ಮತ್ತು ಅರ್ಜಿಯಲ್ಲಿ ಉಲ್ಲೇಖವಾಗುವ ತಂದೆಗೆ. ತಮಾಷೆಯೆಂದರೆ ಮೇಲಿನ ಅರ್ಜಿಯಲ್ಲಿ ‘ಶಿಕ್ಷಕರಾಗಿ’ ಎಂದು ತಮಗೆ ಬಹುವಚನ ಕೊಟ್ಟುಕೊಂಡವರು ತಂದೆಯನ್ನು ‘ತಂದೆಗೆ’ ಎಂದು ಬಿಟ್ಟಿದ್ದಾರೆ. ‘ನನ್ನ ತಂದೆಯವರಿಗೆ’ ಎಂದಾಗ ಸರಿಹೋಗುತ್ತದೆ. ‘ನಮ್ಮ ತಂದೆಯವರು’ ಎಂಬುದೂ ನಮ್ಮ ಮಾತಿನ ರೂಢಿಯೇ, ಅದನ್ನು ನಾನು ತಿದ್ದುವುದಿಲ್ಲ.

ಮೂರನೆಯದು ವಿಷಯದ ಸಾಲು. ‘ರಜೆ ಕೋರಿ ಅರ್ಜಿ ಬಗ್ಗೆ’, ‘ಕೋರುವ ಬಗ್ಗೆ ಕುರಿತು’ ಎಂದೆಲ್ಲ ಬರೆಯುತ್ತಾರೆ. ‘ಬಗ್ಗೆ’, ‘ಕುರಿತು’, ‘ಕೋರಿ’ ಈ ಮೂರರಲ್ಲಿ ಒಂದು ಸಾಕು. ವಿಷಯದ ಸಾಲಿನಲ್ಲೇ ರಜೆಯ ಬಗೆ ಮತ್ತು ದಿನಗಳ ಸಂಖ್ಯೆ ಬಂದುಬಿಟ್ಟರೆ ಓದುವವರಿಗೆ ಅರ್ಧ ಕೆಲಸ ಮುಗಿಯಿತು.

## ಹಂತ 4: ಒಡಲು, ಒಂದು ಸಾಲಿಗೆ ಒಂದು ಕೆಲಸ

ನಿಜವಾದ ಕಷ್ಟ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಇಡೀ ಅರ್ಜಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಬೇಕೆಂಬ ಹಟ ನಮಗೆ ಎಲ್ಲಿಂದ ಬಂತೋ ತಿಳಿಯದು. ‘ಸಲ್ಲಿಸುತ್ತಿದ್ದು’, ‘ಇರುವುದರಿಂದ’, ‘ಹೋಗಬೇಕಾಗಿರುವುದರಿಂದ’ ಎಂದು ಕೊಂಡಿ ಸೇರಿಸುತ್ತ ಹೋದರೆ ವಾಕ್ಯ ಶುರುವಾದ ಕರ್ತೃ ಒಬ್ಬರು, ಮುಗಿಯುವ ಹೊತ್ತಿಗೆ ಇನ್ನೊಬ್ಬರು. ಮೇಲಿನ ಅರ್ಜಿಯ ಮೊದಲ ವಾಕ್ಯವನ್ನೇ ನೋಡಿ: ‘ಸೇವೆ ಸಲ್ಲಿಸುತ್ತಿದ್ದು, ನಮ್ಮ ತಂದೆಗೆ ಹುಷಾರಿಲ್ಲದ ಕಾರಣ ಆಪರೇಷನ್ ಇರುತ್ತದೆ.’ ಸೇವೆ ಸಲ್ಲಿಸುತ್ತಿರುವವರು ಯಾರು, ತಂದೆಯೇ? ವ್ಯಾಕರಣ ಹಿಡಿದು ಓದಿದರೆ ಹಾಗೇ ಅರ್ಥವಾಗುತ್ತದೆ. ‘-ದ್ದು’ ಎಂದು ಕೊಂಡಿ ಹಾಕಿದ ಮೇಲೆ ಮುಂದಿನ ಕ್ರಿಯೆಯೂ ಅದೇ ಕರ್ತೃವಿನದಾಗಿರಬೇಕು. ಆಗದಿದ್ದರೆ ಅಲ್ಲಿಗೆ ಪೂರ್ಣವಿರಾಮ ಹಾಕಿ.

ಇದಕ್ಕೆ ಸುಲಭ ದಾರಿ ನಾಲ್ಕು ಸಾಲಿನ ಅರ್ಜಿ. ಮೊದಲ ಸಾಲು ಕಾರಣ, ಎರಡನೆಯದು ಕೋರಿಕೆ, ಮೂರನೆಯದು ಊರು ಬಿಡುವ ಅನುಮತಿ, ನಾಲ್ಕನೆಯದು ತರಗತಿಗಳ ವಿಚಾರ. ‘ಈ ಶಾಲೆಯಲ್ಲಿ ಸೇವೆ ಸಲ್ಲಿಸುತ್ತಿರುವ ನಾನು ತಿಳಿಯಪಡಿಸುವುದೇನೆಂದರೆ’ ಎಂಬ ಪೀಠಿಕೆ ಬೇಡವೇ ಬೇಡ. ನೀವು ಯಾರೆಂದು ‘ಇವರಿಂದ’ ಎಂಬಲ್ಲಿ ಬರೆದಾಗಿದೆ, ಮುಖ್ಯ ಶಿಕ್ಷಕರು ನಿಮ್ಮನ್ನು ದಿನವೂ ಪ್ರಾರ್ಥನೆಯಲ್ಲಿ ನೋಡುತ್ತಾರೆ.

ಕಾರಣದ ಸಾಲಿನಲ್ಲಿ ಎಷ್ಟು ಹೇಳಬೇಕು? ಮಂಜೂರು ಮಾಡುವವರು ನಿರ್ಧರಿಸಲು ಸಾಕಾಗುವಷ್ಟು. ‘ಅನಿವಾರ್ಯ ಕಾರಣದಿಂದ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಇತ್ತ ತಂದೆಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ಅಣ್ಣ ಯಾಕೆ ಬರಲಾಗುವುದಿಲ್ಲ ಎಂದೆಲ್ಲ ಬರೆದರೆ ಅದು ಅರ್ಜಿಯಲ್ಲ, ಅಕ್ಕನಿಗೆ ಬರೆದ ಪತ್ರ. ಯಾರಿಗೆ, ಏನು, ಎಲ್ಲಿ, ಯಾವತ್ತು, ಇಷ್ಟೇ.

ಕೋರಿಕೆಯ ಸಾಲಿನಲ್ಲಿ ‘ರಜೆ ಹಾಕಿರುತ್ತೇನೆ’ ಎಂಬುದು ಅತಿ ಹೆಚ್ಚು ಕಾಣುವ ಜಾರುವಿಕೆ. ಸ್ಟಾಫ್ ರೂಮಿನಲ್ಲಿ ‘ನಾಳೆ ರಜೆ ಹಾಕಿದ್ದೀನಿ’ ಎನ್ನಬಹುದು. ಕಾಗದದ ಮೇಲೆ ಅದು ಕೋರಿಕೆಯಲ್ಲ, ಘೋಷಣೆ. ಸೇವಾ ನಿಯಮದ ಪ್ರಕಾರ ರಜೆ ಹಕ್ಕಾಗಿ ಕೇಳುವಂಥದ್ದಲ್ಲ, ಮಂಜೂರಾದ ಮೇಲಷ್ಟೇ ಅದು ರಜೆ. ‘ಕೊಡಲೇಬೇಕೆಂದು’ ಎಂಬಲ್ಲಿನ ‘ಲೇ’ ಕೂಡ ಇದೇ ಜಾತಿಯದು. ಒಂದೇ ಅಕ್ಷರ, ಆದರೆ ವಿನಂತಿಯನ್ನು ತಾಕೀತು ಮಾಡಿಬಿಡುತ್ತದೆ.

ತರಗತಿಗಳ ಸಾಲಿನಲ್ಲಿಯೂ ಅಧಿಕಾರದ ಗಡಿ ದಾಟಬಾರದು. ‘ಬೇರೆಯವರನ್ನು ನೇಮಿಸಿರುತ್ತೇನೆ’ ಎನ್ನುವಂತಿಲ್ಲ. ಬದಲಿ ವ್ಯವಸ್ಥೆ ಮಾಡುವವರು ಮುಖ್ಯ ಶಿಕ್ಷಕರು. ನೀವು ಮಾಡಬಹುದಾದದ್ದು ಸಹೋದ್ಯೋಗಿಯನ್ನು ಕೇಳಿ, ‘ನಿರ್ವಹಿಸಲು ಒಪ್ಪಿದ್ದಾರೆ’ ಎಂದು ತಿಳಿಸುವುದು. ಬಿಸಿಯೂಟದ ದಾಸ್ತಾನು ಕೋಣೆಯ ಬೀಗದ ಕೈ ನಿಮ್ಮ ಬಳಿ ಇದ್ದರೆ ಅದನ್ನು ಯಾರಿಗೆ ಕೊಟ್ಟಿದ್ದೀರಿ ಎಂದೂ ಬರೆಯಿರಿ. ಬೀಗದ ಕೈ ಬೆಂಗಳೂರಿಗೆ ಹೋಗಿ ಮಧ್ಯಾಹ್ನದ ಅಡುಗೆ ನಿಂತ ದಿನ ಅರ್ಜಿಯ ಭಾಷೆ ಎಷ್ಟು ಚೆಂದವಿದ್ದರೂ ಉಪಯೋಗವಿಲ್ಲ.

## ಹಂತ 5: ಪದಗಳನ್ನು ಜರಡಿ ಹಿಡಿಯಿರಿ

ಕರಡು ಬರೆದಾದ ಮೇಲೆ ಒಮ್ಮೆ ಪದಗಳನ್ನಷ್ಟೇ ನೋಡುತ್ತ ಓದಿ. ನಾನು ಹುಡುಕುವುದು ಇವನ್ನು.

ನೀವು ಮತ್ತು ತಾವು. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಹೋಗಬೇಕು. ಅರ್ಜಿಗೆ ‘ತಾವು’ ಒಪ್ಪುತ್ತದೆ. ‘ನೀವು ಮಂಜೂರು ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ’ ಎಂದರೆ ಕೇಳುತ್ತಿರುವುದು ಒಬ್ಬರನ್ನು, ಮಂಜೂರು ಮಾಡುವವರು ಇನ್ನೊಬ್ಬರು ಎಂಬಂತೆ ಕೇಳಿಸುತ್ತದೆ.

ಸದರಿ. ‘ಮೇಲೆ ಹೇಳಿದ’ ಎಂದು ಇದರ ಅರ್ಥ. ಮೇಲೆ ಏನನ್ನೂ ಹೇಳದೆ ಮೊದಲ ಸಾಲಿನಲ್ಲೇ ‘ಸದರಿ ಶಾಲೆಯಲ್ಲಿ’ ಎಂದರೆ ಯಾವ ಶಾಲೆ? ‘ಸದರಿ ದಿನಗಳಲ್ಲಿ’ ಎಂದು ಕೊನೆಯ ಸಾಲಿನಲ್ಲಿ ಬಂದರೆ ಸರಿ. ಇಲ್ಲದಿದ್ದರೂ ನಷ್ಟವಿಲ್ಲ, ‘ಈ ದಿನಗಳಲ್ಲಿ’ ಎಂದರೆ ಆಯಿತು.

ಇರುತ್ತದೆ. ಕಚೇರಿ ಕನ್ನಡದ ಹಳೆಯ ಚಟ. ‘ಆಪರೇಷನ್ ಇರುತ್ತದೆ’ ಎಂದರೆ ಅದು ಪ್ರತಿ ವಾರ ನಡೆಯುವಂಥದ್ದು ಎಂಬ ಧ್ವನಿ ಬರುತ್ತದೆ. ‘ಶಸ್ತ್ರಚಿಕಿತ್ಸೆ ನಿಗದಿಯಾಗಿದೆ’ ಎಂಬುದು ಹೇಳಬೇಕಾದ ಮಾತು. ‘ಮಾಡಿರುತ್ತೇನೆ’, ‘ಲಗತ್ತಿಸಿರುತ್ತೇನೆ’ ಕೂಡ ‘ಮಾಡಿದ್ದೇನೆ’, ‘ಲಗತ್ತಿಸಿದ್ದೇನೆ’ ಆಗಲಿ. ಇದನ್ನು ತಿದ್ದಿದರೆ ಕೆಲವು ಗುಮಾಸ್ತರು ಮುಖ ಕಿವಿಚಬಹುದು, ಆದರೆ ಆ ಕಾರಣಕ್ಕೆ ಅರ್ಜಿ ಹಿಂದಿರುಗಿದ್ದನ್ನು ನಾನು ಕಂಡಿಲ್ಲ.

ಮಂಜೂರಾತಿ ಮಾಡಿ. ‘ಮಂಜೂರು’ ಮಾಡುತ್ತಾರೆ, ‘ಮಂಜೂರಾತಿ’ ನೀಡುತ್ತಾರೆ. ಎರಡನ್ನೂ ಬೆರೆಸಬೇಡಿ. ‘ಕೋರಿಕೊಳ್ಳುತ್ತೇನೆ’ ಕೂಡ ಹೀಗೆ ಬೆರಕೆ ಹುಟ್ಟು: ‘ಕೇಳಿಕೊಳ್ಳುತ್ತೇನೆ’ ಮತ್ತು ‘ಕೋರುತ್ತೇನೆ’ ಸೇರಿ ಆದದ್ದು. ‘ಕೋರುತ್ತೇನೆ’ ಸಾಕು.

ದಯವಿಟ್ಟು ದಯಮಾಡಿ. ದಯೆ ಒಮ್ಮೆ ಸಾಕು. ‘ಕೋರುತ್ತೇನೆ’ ಎಂಬಲ್ಲಿ ವಿನಯ ಆಗಲೇ ಇರುವುದರಿಂದ, ಅದೂ ಇಲ್ಲದೆ ನಡೆಯುತ್ತದೆ.

ಇನ್ನು ಆಡುಮಾತು. ‘ಹುಷಾರಿಲ್ಲ’ ಎಂಬುದು ‘ಅನಾರೋಗ್ಯ’ವಾಗಲಿ, ‘ಆಪರೇಷನ್’ ಎಂಬುದು ‘ಶಸ್ತ್ರಚಿಕಿತ್ಸೆ’ಯಾಗಲಿ. ಆದರೆ ಬಸ್ಸನ್ನೂ ಆಸ್ಪತ್ರೆಯನ್ನೂ ಸಂಸ್ಕೃತಕ್ಕೆ ತಿರುಗಿಸುವ ಹುಮ್ಮಸ್ಸು ಬೇಡ. ‘ಚಿಕಿತ್ಸಾಲಯದಲ್ಲಿ ದಾಖಲುಗೊಂಡು’ ಎಂದು ಬರೆದವರು ಮುಂದಿನ ಸಾಲಿನಲ್ಲೇ ‘ಹಾದ್ದರಿಂದ’ ಎಂದು ಜಾರುತ್ತಾರೆ. ಅಕಾರ ಹಕಾರದ ಅದಲು ಬದಲು ನಮ್ಮಲ್ಲಿ ಹಲವರಿಗಿದೆ, ನಾಚಿಕೆಪಡಬೇಕಾದ್ದೇನಲ್ಲ. ‘ಆದ್ದರಿಂದ’, ‘ಹಾಗೂ’, ‘ಅರ್ಜಿ’, ‘ಹಾಜರು’ ಈ ನಾಲ್ಕನ್ನು ಬಾಯಿಬಿಟ್ಟು ಓದಿ ಪರೀಕ್ಷಿಸಿ.

## ಹಂತ 6: ಮುಕ್ತಾಯ

ಒಡಲು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮುಕ್ತಾಯದ ಎರಡು ಸಾಲಿನಲ್ಲಿ ಅರ್ಜಿ ಅತ್ತ ಗೆಳೆಯನ ಪತ್ರವಾಗುತ್ತದೆ, ಇಲ್ಲವೇ ಇತ್ತ ಜೀತದಾಳಿನ ಮನವಿಯಾಗುತ್ತದೆ.

‘ಧನ್ಯವಾದಗಳು’ ಎಂದು ಬಿಡಿಯಾಗಿ ಬರೆದರೆ ರಜೆ ಆಗಲೇ ಸಿಕ್ಕಿತು ಎಂಬ ಧಾಟಿ. ‘ವಂದನೆಗಳೊಂದಿಗೆ,’ ಎಂಬುದು ಸುರಕ್ಷಿತ. ಅದು ಪೂರ್ಣ ವಾಕ್ಯವಲ್ಲ. ಅಲ್ಪವಿರಾಮ ಹಾಕಿ ಕೆಳಗಿನ ಸಾಲಿಗೆ ಕೈ ಕೊಡುತ್ತದೆ. ಕೆಳಗೆ ‘ತಮ್ಮ ವಿಶ್ವಾಸಿ,’ ಎಂದು ಬರಲಿ. ‘ಇಂತಿ’ ಬೇಕೆನಿಸಿದರೆ ಹಾಕಿಕೊಳ್ಳಿ, ಆದರೆ ‘ಇಂತಿ ನಿಮ್ಮ’ ಎಂದರೆ ಒಡಲಿನ ‘ತಾವು’ ಕೊನೆಯಲ್ಲಿ ‘ನೀವು’ ಆಗಿ ಇಳಿಯಿತು. ‘ಪ್ರೀತಿಯ’ ಎಂಬುದು ಮನೆಯ ಪತ್ರಕ್ಕೆ.

‘ವಿಧೇಯ’ ಎಂಬ ಪದದ ಬಗ್ಗೆ ಹಲವರು ಕೇಳುತ್ತಾರೆ. ತಪ್ಪೇನಿಲ್ಲ, ರೂಢಿಯಲ್ಲಿದೆ, ಬರೆಯುವುದಾದರೆ ಧ ಮಹಾಪ್ರಾಣ. ‘ವಿದೇಯ’ ಎಂದು ಬರೆದ ಕನ್ನಡ ಶಿಕ್ಷಕರ ಅರ್ಜಿಯನ್ನು ನಾನು ಕೆಂಪು ಪೆನ್ನಿಂದ ತಿದ್ದಲೋ ಬೇಡವೋ ಎಂದು ಒದ್ದಾಡಿದ್ದುಂಟು. ‘ತಮ್ಮ ವಿಧೇಯ ಸೇವಕ’ ಎಂಬುದು ಮಾತ್ರ ಬೇಡ. ಇಬ್ಬರೂ ಸೇವೆ ಸಲ್ಲಿಸುತ್ತಿರುವುದು ಒಂದೇ ಇಲಾಖೆಗೆ, ಒಬ್ಬರು ಇನ್ನೊಬ್ಬರ ಸೇವಕರಲ್ಲ. ನನ್ನ ಆಯ್ಕೆ ‘ವಿಶ್ವಾಸಿ’: ಹೆಣ್ಣು ಗಂಡು ಇಬ್ಬರಿಗೂ ರೂಪ ಬದಲಿಸದೆ ಹೊಂದುತ್ತದೆ.

ಬಲಗಡೆ ಸಹಿ, ಅದರ ಕೆಳಗೆ ಆವರಣದಲ್ಲಿ ಹೆಸರು, ಹುದ್ದೆ. ಎಡಗಡೆ ಸ್ಥಳ, ದಿನಾಂಕ. ಲಗತ್ತಿಸಿದ ಕಾಗದವಿದ್ದರೆ ‘ಅಡಕ’ ಎಂದು ಬರೆದು ಅದರ ಹೆಸರು. ಅರ್ಜಿಯ ದಿನಾಂಕ ರಜೆಯ ಮೊದಲ ದಿನಕ್ಕಿಂತ ಹಿಂದಿನದಾಗಿರಲಿ ಎಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಹೇಳಬೇಕಾಗಿದೆ.

## ತಿದ್ದಿದ ಅರ್ಜಿ

> ಇವರಿಂದ
> (ಹೆಸರು), ಸಹ ಶಿಕ್ಷಕಿ
> ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ………, ಶಿರಾ ತಾಲ್ಲೂಕು
>
> ಇವರಿಗೆ
> ಮುಖ್ಯ ಶಿಕ್ಷಕರು
> ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ………, ಶಿರಾ ತಾಲ್ಲೂಕು
>
> ಮಾನ್ಯರೇ,
>
> ವಿಷಯ: ಮೂರು ದಿನಗಳ ಸಾಂದರ್ಭಿಕ ರಜೆ ಹಾಗೂ ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ.
>
> ನನ್ನ ತಂದೆಯವರಿಗೆ 05-12-2025ರಂದು ಬೆಂಗಳೂರಿನಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದು, ಅವರ ಆರೈಕೆಗೆ ನಾನು ಜೊತೆಯಲ್ಲಿರಬೇಕಾಗಿದೆ. ಆದ್ದರಿಂದ 05-12-2025ರಿಂದ 08-12-2025ರವರೆಗೆ, 07-12-2025ರ ಭಾನುವಾರವನ್ನು ಹೊರತುಪಡಿಸಿ, ಮೂರು ದಿನಗಳ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.
>
> 04-12-2025ರ ಶಾಲಾ ಅವಧಿಯ ನಂತರದಿಂದ 09-12-2025ರ ಶಾಲಾರಂಭದವರೆಗೆ ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದೂ ಕೋರುತ್ತೇನೆ.
>
> ಈ ದಿನಗಳಲ್ಲಿ ನನ್ನ ತರಗತಿಗಳನ್ನು ನಿರ್ವಹಿಸಲು ಸಹ ಶಿಕ್ಷಕರಾದ ಶ್ರೀ (ಹೆಸರು) ಅವರು ಒಪ್ಪಿದ್ದಾರೆ. ದಾಸ್ತಾನು ಕೋಣೆಯ ಬೀಗದ ಕೈಯನ್ನು 04-12-2025ರ ಸಂಜೆ ತಮಗೆ ಒಪ್ಪಿಸುತ್ತೇನೆ.
>
> ವಂದನೆಗಳೊಂದಿಗೆ,
>
> ತಮ್ಮ ವಿಶ್ವಾಸಿ,
> (ಸಹಿ)
> (ಹೆಸರು), ಸಹ ಶಿಕ್ಷಕಿ
>
> ಸ್ಥಳ: ………
> ದಿನಾಂಕ: 02-12-2025
>
> ಅಡಕ: ಆಸ್ಪತ್ರೆಯ ಚೀಟಿಯ ನಕಲು

ಮೊದಲ ವಾಕ್ಯದಲ್ಲಿ ನಾನೇ ‘ನಿಗದಿಯಾಗಿದ್ದು’ ಎಂಬ ಕೊಂಡಿ ಬಳಸಿದ್ದನ್ನು ಚುರುಕು ಓದುಗರು ಹಿಡಿದಿರಬಹುದು. ನಾಲ್ಕನೆಯ ಹಂತದಲ್ಲಿ ಹೇಳಿದ್ದಕ್ಕೆ ಇದು ವಿರುದ್ಧವೇ: ನಿಗದಿಯಾದದ್ದು ಶಸ್ತ್ರಚಿಕಿತ್ಸೆ, ಇರಬೇಕಾದವಳು ನಾನು. ರೂಢಿ ಕೈಯನ್ನು ಹೇಗೆ ಎಳೆಯುತ್ತದೆಂದು ತೋರಿಸಲು ಬಿಟ್ಟಿದ್ದೇನೆ. ‘ನಿಗದಿಯಾಗಿದೆ. ಅವರ ಆರೈಕೆಗೆ ನಾನು ಜೊತೆಯಲ್ಲಿರಬೇಕಾಗಿದೆ.’ ಎಂದು ಒಡೆದು ಬರೆದುಕೊಳ್ಳಿ.

## ಕೊಡುವ ಮೊದಲು ಮತ್ತು ಕೊಟ್ಟ ಮೇಲೆ

ಅರ್ಜಿಯಲ್ಲಿ ಪೂರ್ಣವಿರಾಮ ಒಂದೇ ಇದ್ದರೆ, ದಿನಗಳ ಸಂಖ್ಯೆ ಮತ್ತು ದಿನಾಂಕಗಳು ಕ್ಯಾಲೆಂಡರಿಗೆ ತಾಳೆಯಾಗದಿದ್ದರೆ, ‘ನಿಮ್ಮ’ ಎಂಬ ಪದ ಎಲ್ಲಾದರೂ ಕಂಡರೆ, ಅದು ಹಿಂದಿರುಗುವ ಅರ್ಜಿ. ಮತ್ತೆ ಬರೆಯಿರಿ, ಹೊಡೆದುಹಾಕಿ ಮೇಲೆ ತಿದ್ದಬೇಡಿ, ಅದರಲ್ಲೂ ದಿನಾಂಕವನ್ನು. ತಿದ್ದಿದ ದಿನಾಂಕ ಮುಂದೆ ತಪಾಸಣೆಯಲ್ಲಿ ಪ್ರಶ್ನೆಯಾಗುವುದು ನಿಮಗಲ್ಲ, ಮಂಜೂರು ಮಾಡಿದವರಿಗೆ.

ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ ತಿಳಿಸಿ, ಆಮೇಲೆ ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ. ‘ಸರ್, ನಾಳೆ ಬರಲ್ಲ’ ಎಂದಲ್ಲ. ‘ಸರ್, ತಂದೆಯವರನ್ನು ತುರ್ತಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ನಾಳೆ 05-12-2025ರ ಒಂದು ದಿನ ಸಾಂದರ್ಭಿಕ ರಜೆ ಕೋರುತ್ತೇನೆ, ಬಂದ ದಿನವೇ ಅರ್ಜಿ ಸಲ್ಲಿಸುತ್ತೇನೆ’ ಎಂದು. ಬಂದ ದಿನ ಆ ಅರ್ಜಿಗೆ ಹಿಂದಿನ ದಿನಾಂಕ ಹಾಕಬೇಡಿ. ಬರೆದ ದಿನದ್ದೇ ಹಾಕಿ, ‘ದೂರವಾಣಿಯಲ್ಲಿ ತಿಳಿಸಿದಂತೆ’ ಎಂದು ಒಂದು ಮಾತು ಸೇರಿಸಿ. ಮಂಜೂರಾದ ಮೇಲೆ ಹಾಜರಿ ಪುಸ್ತಕದಲ್ಲಿ ಆ ದಿನಗಳ ಎದುರು ‘ಸಾಂ.ರ.’ ಎಂದು ಬಿದ್ದಿದೆಯೇ, ವಹಿಯಲ್ಲಿ ಮೂರೇ ದಿನ ಕಳೆದಿದ್ದಾರೆಯೇ ಎಂದು 9ರ ಬೆಳಿಗ್ಗೆ ಸಹಿ ಹಾಕುವಾಗಲೇ ನೋಡಿಕೊಳ್ಳಿ.